ಇಪ್ಪತ್ತೊಂಬತ್ತು ಅಂಕಗಳ ಮನುಷ್ಯಸಂಖ್ಯೆ ಮತ್ತು ನವಶೇಷ ಪರೀಕ್ಷೆ

ಜೈನ ಸಿದ್ಧಾಂತಗ್ರಂಥಗಳ ಸಂಖ್ಯಾಪ್ರಕರಣಗಳಲ್ಲಿ ಪರ್ಯಾಪ್ತ ಮನುಷ್ಯರ ಪ್ರಮಾಣವನ್ನು ಹೇಳುವ ಇಪ್ಪತ್ತೊಂಬತ್ತು ಸ್ಥಾನಗಳ ಸಂಖ್ಯೆಯು ವಿದ್ವಾಂಸರಿಗೆ ಸುಪರಿಚಿತವಾದುದು. ಹತ್ತನೆಯ ಶತಮಾನದಲ್ಲಿ ಗಂಗರ ಮಂತ್ರಿಯಾದ ಚಾವುಂಡರಾಯನಿಗೆ ಗುರುಸ್ಥಾನದಲ್ಲಿದ್ದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಈ ಸಂಖ್ಯೆಯನ್ನು ಒಂದೇ ಗಾಹೆಯಲ್ಲಿ ಅಡಗಿಸಿದ್ದಾರೆ. ಅಲ್ಲಿ ಅಂಕಗಳಿಲ್ಲ, ಭೂತಸಂಖ್ಯೆಯ ಪದಗಳೂ ಇಲ್ಲ. ಕಟಪಯಾದಿ ಕ್ರಮದಂತೆ ಒಂದೊಂದು ಅಕ್ಷರವೂ ಒಂದೊಂದು ಅಂಕವಾಗಿ ನಿಂತಿದೆ. ಗಾಹೆಯ ಮೊದಲ ಅಕ್ಷರವಾದ 'ತ' ಏಕಸ್ಥಾನದ 6 ಆದರೆ, ಇಪ್ಪತ್ತೊಂಬತ್ತನೆಯದಾದ 'ಸ' ಅತ್ಯಂತ ಎಡದ 7 ಆಗುತ್ತದೆ. ಅಕ್ಷರಗಳನ್ನು ಅಂಕಗಳಾಗಿಸಿ ಬಲದಿಂದ ಎಡಕ್ಕೆ ಇಟ್ಟಾಗ ದೊರೆಯುವ ಸಂಖ್ಯೆ ಇದು:

79228162514264337593543950336

ಇಂತಹ ಗಾಹೆಯು ಸಂಪಾದಕನಿಗೆ ಒಡ್ಡುವ ಸಮಸ್ಯೆಯು ಬೇರೆ ಗಾಹೆಗಳ ಸಮಸ್ಯೆಯಂತಲ್ಲ. ಸಾಮಾನ್ಯ ಗಾಹೆಯಲ್ಲಿ 'ನ'ಕಾರಕ್ಕೆ 'ಣ'ಕಾರ ಬಂದರೆ ಅದು ಪ್ರಾಕೃತದ ಕಾಗುಣಿತಭೇದವಷ್ಟೆ, ಅರ್ಥವು ಕೆಡುವುದಿಲ್ಲ. ಇಲ್ಲಿಯಾದರೆ 'ನ' ಎಂದರೆ ಸೊನ್ನೆ, 'ಣ' ಎಂದರೆ 5. ಲಿಪಿಕಾರನ ಒಂದು ಅಭ್ಯಾಸವು ಸಂಖ್ಯೆಯನ್ನೇ ಕೆಡಿಸುತ್ತದೆ. ಓಲೆಗರಿಯಲ್ಲಿ ಪಾಠಾಂತರ ಕಂಡಾಗ ಯಾವುದು ಮೂಲಪಾಠ ಎಂಬುದನ್ನು ವ್ಯಾಕರಣವಾಗಲಿ ಛಂದಸ್ಸಾಗಲಿ ಹೇಳಲಾರದು, ಗಣಿತವೇ ಹೇಳಬೇಕು. ಗಣಿತದಲ್ಲಿ ಇದಕ್ಕಿರುವ ಅತ್ಯಂತ ಸುಲಭವಾದ ಸಾಧನವೆಂದರೆ ಅಂಕಗಳನ್ನು ಕೂಡಿ ಒಂಬತ್ತನ್ನು ಕಳೆಯುತ್ತ ಹೋಗುವ ನವಶೇಷ ಪರೀಕ್ಷೆ. ಈ ಪರೀಕ್ಷೆಯು ಮನುಷ್ಯಸಂಖ್ಯೆಯ ವಿಷಯದಲ್ಲಿ ಎಷ್ಟು ದೂರ ಬರುತ್ತದೆ, ಎಲ್ಲಿ ಕೈಬಿಡುತ್ತದೆ, ಕೈಬಿಟ್ಟಲ್ಲಿ ಪರಂಪರೆಯೇ ಒದಗಿಸಿರುವ ಬೇರೆ ಆಧಾರಗಳೇನು ಎಂಬುದು ಇಲ್ಲಿಯ ವಿಚಾರ.

ಮೊದಲು ಸಂಖ್ಯೆಯ ಉತ್ಪತ್ತಿಯನ್ನು ಗಮನಿಸಬೇಕು. ಎರಡರಿಂದ ಹೊರಟು ಮತ್ತೆಮತ್ತೆ ವರ್ಗ ಮಾಡುತ್ತ ಹೋದರೆ ದ್ವಿರೂಪವರ್ಗಧಾರೆಯು ದೊರೆಯುತ್ತದೆ. ಮೊದಲ ವರ್ಗ 4, ಎರಡನೆಯದು 16, ಮೂರನೆಯದು 256, ನಾಲ್ಕನೆಯದು 65536. ಈ ನಾಲ್ಕನೆಯ ವರ್ಗಕ್ಕೆ ಪಣ್ಣಟ್ಠಿ ಎಂದು ಹೆಸರು. ಐದನೆಯ ವರ್ಗವು 4294967296, ಇದು ಬಾದಾಲ. ಆರನೆಯದು 18446744073709551616, ಇದು ಏಕಟ್ಠಿ. ಬಾದಾಲ ಎಂಬ ಹೆಸರು ಸಂಖ್ಯೆಯ ಆದಿಯಲ್ಲಿರುವ 42ನ್ನೂ, ಏಕಟ್ಠಿ ಎಂಬುದು ಆದಿಯ 1 ಮತ್ತು 8ನ್ನೂ ಸೂಚಿಸುತ್ತವೆ. ಐದನೆಯ ವರ್ಗವನ್ನು ಆರನೆಯ ವರ್ಗದಿಂದ ಗುಣಿಸಿದರೆ, ಅಥವಾ ಅದೇ ಮಾತಾಗಿ ಬಾದಾಲವನ್ನು ಘನ ಮಾಡಿದರೆ, ಮನುಷ್ಯಸಂಖ್ಯೆಯು ದೊರೆಯುತ್ತದೆ. ಆದ್ದರಿಂದ ಗಾಹೆಯ ಪಾಠಶುದ್ಧಿಯ ಪ್ರಶ್ನೆಯು ಒಂದು ದೀರ್ಘ ಗುಣಾಕಾರದ ಶುದ್ಧಿಯ ಪ್ರಶ್ನೆಯೇ ಆಗಿದೆ: ಹತ್ತು ಸ್ಥಾನಗಳ ಗುಣಕ, ಇಪ್ಪತ್ತು ಸ್ಥಾನಗಳ ಗುಣ್ಯ, ಇಪ್ಪತ್ತೊಂಬತ್ತು ಸ್ಥಾನಗಳ ಫಲ.

ನವಶೇಷ ಪರೀಕ್ಷೆಯ ವಿಧಾನವು ಸರಳವಾದುದು. ಸಂಖ್ಯೆಯ ಅಂಕಗಳನ್ನೆಲ್ಲ ಕೂಡಬೇಕು. ಬಂದ ಮೊತ್ತದ ಅಂಕಗಳನ್ನು ಮತ್ತೆ ಕೂಡಬೇಕು. ಒಂದೇ ಅಂಕ ಉಳಿಯುವವರೆಗೆ ಹೀಗೆ ಮಾಡಬೇಕು. ಒಂಬತ್ತು ಉಳಿದರೆ ಅದನ್ನು ಸೊನ್ನೆಯೆಂದು ಎಣಿಸಬೇಕು. ಗುಣ್ಯ ಗುಣಕಗಳ ಶೇಷಗಳನ್ನು ಗುಣಿಸಿ, ಆ ಫಲವನ್ನೂ ಹೀಗೆಯೇ ಒಂದಂಕಕ್ಕೆ ಇಳಿಸಿ, ಗುಣನಫಲದ ಶೇಷದೊಡನೆ ತಾಳೆ ನೋಡಬೇಕು. ಭಾಗಾಹಾರದಲ್ಲಿ ಭಾಜಕದ ಶೇಷವನ್ನು ಲಬ್ಧದ ಶೇಷದಿಂದ ಗುಣಿಸಿ, ಉಳಿಕೆಯ ಶೇಷವನ್ನು ಕೂಡಿದರೆ ಭಾಜ್ಯದ ಶೇಷವು ಬರಬೇಕು. ಇದರ ಕಾರಣವೂ ಗೂಢವಲ್ಲ. ಹತ್ತನ್ನು ಒಂಬತ್ತರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ನೂರು, ಸಾವಿರ, ಲಕ್ಷಗಳಲ್ಲಿಯೂ ಒಂದೇ ಉಳಿಯುತ್ತದೆ. ಆದುದರಿಂದ ಒಂದು ಅಂಕವು ಯಾವ ಸ್ಥಾನದಲ್ಲಿದ್ದರೂ ಒಂಬತ್ತರ ಶೇಷಕ್ಕೆ ಅದು ಕೊಡುವುದು ತನ್ನಷ್ಟನ್ನೇ. ಸ್ಥಾನವು ಈ ಲೆಕ್ಕದಲ್ಲಿ ಅಳಿದುಹೋಗುತ್ತದೆ. ಪರೀಕ್ಷೆಯ ಸೌಲಭ್ಯವೂ ಅದರ ದೌರ್ಬಲ್ಯವೂ ಈ ಒಂದು ಸಂಗತಿಯಲ್ಲಿಯೇ ಇವೆ.

ಭಾರತೀಯ ಗಣಿತಗ್ರಂಥಗಳಲ್ಲಿ ಈ ವಿಧಿಯು ಸ್ಪಷ್ಟವಾಗಿ ಕಾಣಸಿಗುವುದು ಎರಡನೆಯ ಆರ್ಯಭಟನ ಮಹಾಸಿದ್ಧಾಂತದಲ್ಲಿ. ಆತನ ಕಾಲವನ್ನು ಸಾಮಾನ್ಯವಾಗಿ ಕ್ರಿ.ಶ. 950ರ ಸುಮಾರಿಗೆ ಹೇಳುತ್ತಾರೆ. ಗುಣನ, ಭಾಗಾಹಾರಗಳಿಗಲ್ಲದೆ ವರ್ಗ, ವರ್ಗಮೂಲ ಮೊದಲಾದ ಪರಿಕರ್ಮಗಳಿಗೂ ಆತ ಇದನ್ನು ಅನ್ವಯಿಸಿದ್ದಾನೆ. 1356ರಲ್ಲಿ ಗಣಿತಕೌಮುದಿಯನ್ನು ರಚಿಸಿದ ನಾರಾಯಣಪಂಡಿತನು ಒಂಬತ್ತನ್ನು ಮಾತ್ರ ಹಿಡಿಯದೆ, ಇಷ್ಟವಾದ ಯಾವ ಸಂಖ್ಯೆಯಿಂದ ಬೇಕಾದರೂ ಭಾಗಿಸಿ ಶೇಷಗಳನ್ನು ತಾಳೆ ನೋಡಬಹುದೆಂದು ವಿಧಿಯನ್ನು ವಿಸ್ತರಿಸಿದನು. ಅರಬ್ಬೀ ಗಣಿತಜ್ಞರಲ್ಲಿಯೂ ಇದು ಬಳಕೆಯಲ್ಲಿತ್ತು. 952ರಲ್ಲಿ ದಮಾಸ್ಕಸ್ಸಿನಲ್ಲಿ ಬರೆದ ಅಲ್-ಉಕ್ಲೀದಿಸಿಯ ಗ್ರಂಥದಲ್ಲಿ ಇದರ ನಿರೂಪಣೆ ಇದೆ. ಆದರೆ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದ ಪರಿಕರ್ಮವ್ಯವಹಾರದಲ್ಲಿ ಇದನ್ನು ಹೇಳಿಲ್ಲ. ಗೊಮ್ಮಟಸಾರದ ಗಾಹೆಗಳಲ್ಲಿಯೂ ಇದರ ಉಲ್ಲೇಖವಿಲ್ಲ. ಆದ್ದರಿಂದ ಈ ಪರೀಕ್ಷೆಯನ್ನು ನೇಮಿಚಂದ್ರರಿಗೆ ಆರೋಪಿಸುವುದು ಸಲ್ಲದು. ಅವರ ಸಂಖ್ಯೆಯನ್ನು ಶೋಧಿಸಲು ಇಂದಿನ ಸಂಪಾದಕನು ಇದನ್ನು ಉಪಯೋಗಿಸಬಹುದು, ಅಷ್ಟೆ.

ಈಗ ಪರೀಕ್ಷೆಯನ್ನು ನಡೆಸಿ ನೋಡಬಹುದು. ಬಾದಾಲದ ಅಂಕಗಳನ್ನು ಕೂಡಿದರೆ 58. ಐದು ಎಂಟು ಸೇರಿ 13. ಒಂದು ಮೂರು ಸೇರಿ 4. ಏಕಟ್ಠಿಯ ಅಂಕಗಳ ಮೊತ್ತ 88. ಅದು 16 ಆಗಿ, ಕೊನೆಗೆ 7 ಆಗುತ್ತದೆ. ನಾಲ್ಕನ್ನು ಏಳರಿಂದ ಗುಣಿಸಿದರೆ 28. ಅದು 10 ಆಗಿ 1ಕ್ಕೆ ಇಳಿಯುತ್ತದೆ. ಗಾಹೆಯಿಂದ ತೆಗೆದ ಇಪ್ಪತ್ತೊಂಬತ್ತು ಅಂಕಗಳ ಮೊತ್ತವು 127. ಅದೂ 10 ಆಗಿ 1 ಆಗುತ್ತದೆ. ಎರಡು ಕಡೆಯೂ ಒಂದೇ ಬಂದಿತು. ಬಾದಾಲದ ಘನವೆಂದು ಹಿಡಿದು ನೋಡಿದರೂ ಅಷ್ಟೆ: ನಾಲ್ಕರ ಘನ 64, ಅದರ ಶೇಷ 1.

ಈ ಧಾರೆಯಲ್ಲಿ ಇನ್ನೊಂದು ಸ್ವಾರಸ್ಯವಿದೆ. ನಾಲ್ಕರ ವರ್ಗ 16, ಅದರ ಶೇಷ 7. ಏಳರ ವರ್ಗ 49, ಅದರ ಶೇಷ 4. ಆದುದರಿಂದ ದ್ವಿರೂಪವರ್ಗಧಾರೆಯಲ್ಲಿ ಮೊದಲ ವರ್ಗದಿಂದ ಮುಂದಕ್ಕೆ ಶೇಷಗಳು 4, 7, 4, 7 ಎಂದು ಸರದಿಯಲ್ಲಿ ಬರುತ್ತವೆ. ಒಂದನೆಯ, ಮೂರನೆಯ, ಐದನೆಯ ವರ್ಗಗಳಿಗೆ 4. ಎರಡನೆಯ, ನಾಲ್ಕನೆಯ, ಆರನೆಯ ವರ್ಗಗಳಿಗೆ 7. ಓಲೆಯ ಅಂಚಿನಲ್ಲಿ ಈ ಧಾರೆಯನ್ನು ಅಂಕಗಳಲ್ಲಿ ಬರೆದಿರುವ ಪ್ರತಿ ಸಿಕ್ಕಿದರೆ, ಗುಣಾಕಾರವನ್ನೇ ಮಾಡದೆ ಪ್ರತಿಯೊಂದು ಪಂಕ್ತಿಯನ್ನೂ ಇದರಿಂದ ತಾಳೆ ನೋಡಬಹುದು. ಶೇಷವು ಎಂದೂ ಸೊನ್ನೆಯಾಗಲಿ ಮೂರಾಗಲಿ ಆರಾಗಲಿ ಆಗುವುದಿಲ್ಲ. ಏಕೆಂದರೆ ಈ ಧಾರೆಯ ಯಾವ ಸಂಖ್ಯೆಯಲ್ಲಿಯೂ ಮೂರೆಂಬ ಅಪವರ್ತನವಿಲ್ಲ. ಇದರ ಮಹತ್ತ್ವವು ಮುಂದೆ ಮಹಾವೀರಾಚಾರ್ಯರ ಉದಾಹರಣೆಯಿಂದ ತಿಳಿಯುತ್ತದೆ.

ಗಾಹೆಯ ಅಕ್ಷರಗಳಲ್ಲಿ ಆಗಬಹುದಾದ ತಪ್ಪುಗಳಲ್ಲಿ ಈ ಪರೀಕ್ಷೆಗೆ ಸಿಕ್ಕಿಬೀಳುವುವು ಯಾವುವು? ಪ್ರಾಕೃತದಲ್ಲಿ ನಕಾರವು ಣಕಾರವಾಗುವುದು ಸಹಜ. ಆ ಅಭ್ಯಾಸದ ಬಲದಿಂದ ಗಾಹೆಯ 'ಲೀನ' ಎಂಬುದನ್ನು 'ಲೀಣ' ಎಂದು ಬರೆದರೆ ನಾಲ್ಕನೆಯ ಸ್ಥಾನದ ಸೊನ್ನೆಯು 5 ಆಗುತ್ತದೆ. ಮೊತ್ತವು 132 ಆಗಿ, ಶೇಷವು 6 ಆಗುತ್ತದೆ. ಬರಬೇಕಾದುದು 1. ತಪ್ಪು ಒಡನೆ ಬಯಲಾಯಿತು. ಸಂಸ್ಕೃತದ ಸಂಸ್ಕಾರವುಳ್ಳ ಲಿಪಿಕಾರನು 'ಸಿಲಾ' ಎಂಬುದನ್ನು 'ಶಿಲಾ' ಎಂದು ತಿದ್ದಿದರೆ 7 ಇದ್ದಲ್ಲಿ 5 ಬಂದು ಶೇಷವು 8 ಆಗುತ್ತದೆ. 'ಝಸ' ಎಂಬುದನ್ನು 'ಝಷ' ಎಂದು ಬರೆದರೆ ಎಲ್ಲಕ್ಕಿಂತ ಎಡಗಡೆಯ 7 ಹೋಗಿ 6 ಬರುತ್ತದೆ, ಶೇಷವು ಸೊನ್ನೆಯಾಗುತ್ತದೆ. ಹಳಗನ್ನಡ ಲಿಪಿಯಲ್ಲಿ ಮಕಾರ ವಕಾರಗಳು ಪರಸ್ಪರ ಭ್ರಾಂತಿಗೆ ಎಡೆಗೊಡುತ್ತವೆ. ಮಕಾರವು 5, ವಕಾರವು 4 ಆದುದರಿಂದ ಆ ಭ್ರಾಂತಿಯೂ ಶೇಷದಲ್ಲಿ ಒಂದರ ಕೊರತೆಯಾಗಿಯೋ ಹೆಚ್ಚಳವಾಗಿಯೋ ತೋರುತ್ತದೆ. ಧಕಾರದ ಮಹಾಪ್ರಾಣವು ಸವೆದು ದಕಾರವೆಂದು ತೋರಿದರೂ 9 ಹೋಗಿ 8 ಬರುವುದರಿಂದ ಅದು ಅಡಗಿರಲಾರದು. ಒಂದೇ ಅಕ್ಷರವು ತಪ್ಪಾಗಿದ್ದಲ್ಲಿ, ಆ ತಪ್ಪು ಸೊನ್ನೆ ಒಂಬತ್ತುಗಳ ನಡುವಿನ ಅದಲು ಆಗದಿದ್ದರೆ, ಗುಣನಫಲದಲ್ಲಿ ನವಶೇಷ ಪರೀಕ್ಷೆಯು ಅದನ್ನು ಹಿಡಿದೇ ತೀರುತ್ತದೆ.

ಆದರೆ ತಪ್ಪು ಇದೆಯೆಂದು ಹೇಳುವ ಈ ಪರೀಕ್ಷೆಯು ತಪ್ಪು ಎಲ್ಲಿದೆಯೆಂದು ಹೇಳುವುದಿಲ್ಲ. ಶೇಷವು 6 ಬಂದಾಗ, 5ರಷ್ಟು ಹೆಚ್ಚಾಗಿದೆ ಅಥವಾ 4ರಷ್ಟು ಕಡಮೆಯಾಗಿದೆ ಎಂದಷ್ಟೇ ತಿಳಿಯುತ್ತದೆ. ಅದು ನಕಾರ ಣಕಾರಗಳ ಅದಲೆಂದು ನಿರ್ಧರಿಸಬೇಕಾದವನು ಲಿಪಿಯನ್ನೂ ಭಾಷೆಯನ್ನೂ ಬಲ್ಲ ಸಂಪಾದಕನೇ.

ಇನ್ನು ಪರೀಕ್ಷೆಯ ಕಣ್ಣಿಗೆ ಬೀಳದ ತಪ್ಪುಗಳು. ಅವುಗಳಲ್ಲಿ ಮೊದಲನೆಯದು ಸೊನ್ನೆಯ ಲೋಪ. ಗಾಹೆಯ 'ನ' ಅಕ್ಷರವೇ ಬಿಟ್ಟುಹೋದರೆ ಸಂಖ್ಯೆಯು ಇಪ್ಪತ್ತೆಂಟು ಸ್ಥಾನಗಳದಾಗಿ, ಹತ್ತರಲ್ಲೊಂದು ಪಾಲಿನಷ್ಟಕ್ಕೆ ಕುಗ್ಗುತ್ತದೆ. ಅಂಕಗಳ ಮೊತ್ತವು ಮಾತ್ರ 127 ಆಗಿಯೇ ಉಳಿಯುತ್ತದೆ. ಭೂತಸಂಖ್ಯೆಯ ಪದ್ಯಗಳಲ್ಲಿ ಖ, ಗಗನ, ಅಂಬರ ಎಂಬ ಪದಗಳು ಲುಪ್ತವಾದಾಗಲೂ ಇದೇ ಗತಿ.

ಎರಡನೆಯದು ಓದುವ ದಿಕ್ಕಿನ ತಪ್ಪು. ಅಂಕಗಳಿಗೆ ವಾಮಗತಿಯೆಂಬ ನಿಯಮವನ್ನು ಮರೆತು ಗಾಹೆಯ ಅಕ್ಷರಗಳನ್ನು ಎಡದಿಂದ ಬಲಕ್ಕೆ ಇಟ್ಟರೆ 63305934539573346241526182297 ಎಂಬ ಬೇರೆಯೇ ಸಂಖ್ಯೆಯು ಬರುತ್ತದೆ. ಅಂಕಗಳು ಅವೇ ಆದುದರಿಂದ ಶೇಷವು ಇಲ್ಲಿಯೂ 1. ಒಂಬತ್ತರ ತಾಳೆಗೆ ಎರಡೂ ಸಮಾನ. ಹಾಗೆಯೇ ಅಂಕಗಳಲ್ಲಿ ಬರೆದ ಪ್ರತಿಯಲ್ಲಿ ಅಕ್ಕಪಕ್ಕದ ಎರಡು ಅಂಕಗಳು ಸ್ಥಾನಪಲ್ಲಟವಾದರೂ, 41 ಇದ್ದಲ್ಲಿ 14 ಆದರೂ, ಶೇಷವು ಕದಲುವುದಿಲ್ಲ. ಅಕ್ಷರಗಳಲ್ಲಿ ಬರೆದ ಗಾಹೆಗೆ ಈ ಕೊನೆಯ ಅಪಾಯವು ಕಡಮೆ. ಭಯ, ಮೇರು, ಹರಿ ಎಂಬಂತೆ ಅಕ್ಷರಗಳು ಅರ್ಥವುಳ್ಳ ಪದಗಳಾಗಿ ನಿಂತಿರುವುದರಿಂದ ಪಲ್ಲಟವಾದರೆ ಪದವೇ ಕೆಡುತ್ತದೆ. ಬರಿಯ ಅಂಕಪಂಕ್ತಿಗೆ ಅಂತಹ ರಕ್ಷಣೆಯಿಲ್ಲ.

ಮೂರನೆಯದು ಒಂದನ್ನೊಂದು ಸರಿದೂಗಿಸುವ ಎರಡು ತಪ್ಪುಗಳು. ಒಂದು ಪ್ರತಿಯಲ್ಲಿ 'ಸಿಲಾ' ಎಂಬುದು ಸಂಸ್ಕೃತೀಕರಣದಿಂದ 'ಶಿಲಾ' ಆಗಿ, 'ತಟ' ಎಂಬುದು ಪ್ರಾಕೃತದ ರೂಢಿಯಂತೆ 'ತಡ' ಆಯಿತೆಂದು ಕಲ್ಪಿಸಬಹುದು. ಮೊದಲನೆಯದರಿಂದ 2 ಕಡಮೆಯಾಗುತ್ತದೆ; ಎರಡನೆಯದರಲ್ಲಿ ಟಕಾರದ 1 ಹೋಗಿ ಡಕಾರದ 3 ಬರುವುದರಿಂದ 2 ಹೆಚ್ಚಾಗುತ್ತದೆ. ಮೊತ್ತವು ಮತ್ತೆ 127. ಹದಿಮೂರನೆಯ ಮತ್ತು ಇಪ್ಪತ್ತನಾಲ್ಕನೆಯ ಸ್ಥಾನಗಳೆರಡೂ ಕೆಟ್ಟಿದ್ದರೂ ಪರೀಕ್ಷೆಯು ಸಂಖ್ಯೆಯನ್ನು ಒಪ್ಪಿಬಿಡುತ್ತದೆ. ಎರಡು ಕೈಗಳ ಬರವಣಿಗೆಯುಳ್ಳ ಪ್ರತಿಗಳಲ್ಲಿಯೂ, ಎರಡು ಮಾತೃಕೆಗಳನ್ನು ಕೂಡಿಸಿ ಬರೆದ ಪ್ರತಿಗಳಲ್ಲಿಯೂ ಇಂತಹ ಸಂದರ್ಭವು ಅಸಂಭವವಲ್ಲ.

ನಾರಾಯಣಪಂಡಿತನ ಇಷ್ಟಭಾಜಕ ವಿಧಿಯು ಸಹಾಯಕ್ಕೆ ಬರುವುದು ಇಲ್ಲಿ. ಹನ್ನೊಂದನ್ನು ಭಾಜಕವಾಗಿ ತೆಗೆದುಕೊಂಡರೆ ಏಕಸ್ಥಾನದಿಂದ ಆರಂಭಿಸಿ ಅಂಕಗಳನ್ನು ಒಂದನ್ನು ಕೂಡುತ್ತ, ಮುಂದಿನದನ್ನು ಕಳೆಯುತ್ತ ಹೋದರೆ ಶೇಷವು ಸಿಗುತ್ತದೆ. ಶುದ್ಧ ಮನುಷ್ಯಸಂಖ್ಯೆಗೆ ಅದು 9. ಮೇಲೆ ಹೇಳಿದ ಶಿಲಾ-ತಡ ಎಂಬ ಜೋಡಿ ತಪ್ಪಿನಲ್ಲಿ ಅದು 5 ಆಗಿ ತಪ್ಪು ಬಯಲಾಗುತ್ತದೆ. ಅಕ್ಕಪಕ್ಕದ ಅಂಕಗಳ ಪಲ್ಲಟವನ್ನೂ ಹನ್ನೊಂದು ಹಿಡಿಯುತ್ತದೆ. ಸ್ಥಾನವು ಬದಲಾದರೆ ಕೂಡುವ ಅಂಕವು ಕಳೆಯುವ ಅಂಕವಾಗುತ್ತದೆಯಷ್ಟೆ. ಆದರೆ ಇಡೀ ಸಂಖ್ಯೆಯು ತಿರುವುಮುರುವಾದರೆ ಹನ್ನೊಂದೂ ಸೋಲುತ್ತದೆ. ಇಪ್ಪತ್ತೊಂಬತ್ತು ವಿಷಮಸಂಖ್ಯೆಯಾದುದರಿಂದ ತಿರುವಿದಾಗಲೂ ಕೂಡಬೇಕಾದ ಅಂಕಗಳು ಕೂಡುವ ಸ್ಥಾನಗಳಲ್ಲಿಯೇ ನಿಲ್ಲುತ್ತವೆ. ಶೇಷವು ಮತ್ತೆ 9. ಆಗ ಏಳನ್ನು ಆಶ್ರಯಿಸಬೇಕು. ಬಾದಾಲದ ಸಪ್ತಶೇಷ 4, ಏಕಟ್ಠಿಯದು 2, ಇವುಗಳ ಗುಣಲಬ್ಧ 8, ಅದರ ಶೇಷ 1. ಶುದ್ಧಸಂಖ್ಯೆಯ ಸಪ್ತಶೇಷವೂ 1. ತಿರುವಿದ ಸಂಖ್ಯೆಯದು 6. ದಿಕ್ಕಿನ ತಪ್ಪಿಗೆ ಇದಕ್ಕಿಂತಲೂ ಸುಲಭವಾದ ಸಾಕ್ಷಿ ಇನ್ನೊಂದಿದೆ: ಎರಡರಿಂದಲೇ ಹುಟ್ಟಿದ ಸಂಖ್ಯೆಯ ಏಕಸ್ಥಾನದಲ್ಲಿ ಸಮಾಂಕವೇ ಇರಬೇಕು, ತಿರುವಿದ ಸಂಖ್ಯೆಯಲ್ಲಿ ಅಲ್ಲಿ 7 ಇದೆ. ಗುಣ್ಯ ಗುಣಕಗಳ ಏಕಸ್ಥಾನಗಳನ್ನು ಮೊದಲು ಗುಣಿಸಿ ನೋಡುವ ಪದ್ಧತಿಯು ಈ ಕಾರಣಕ್ಕಾಗಿಯೇ ಉಪಾದೇಯವಾದುದು. ಬಾದಾಲ, ಏಕಟ್ಠಿಗಳೆರಡರ ಏಕಸ್ಥಾನವೂ 6, ಆರಾರಲಿ 36, ಫಲದ ಕೊನೆಯಲ್ಲಿ 6 ಬರಲೇಬೇಕು.

ಭಾಜಕವನ್ನು ಆರಿಸುವಲ್ಲಿ ಎಚ್ಚರವು ಏಕೆ ಬೇಕೆಂಬುದಕ್ಕೆ ಮಹಾವೀರಾಚಾರ್ಯರ ಕಂಠಾಭರಣ ಸಂಖ್ಯೆಗಳಲ್ಲಿ ಒಂದು ಒಳ್ಳೆಯ ನಿದರ್ಶನವಿದೆ. 27994681ನ್ನು 441ರಿಂದ ಗುಣಿಸಿದರೆ 12345654321 ಎಂಬ, ಎರಡು ಕಡೆಯಿಂದಲೂ ಒಂದೇ ಆಗಿ ಓದಿಸಿಕೊಳ್ಳುವ ಹಾರವು ದೊರೆಯುತ್ತದೆ. ಇಲ್ಲಿ 441ರ ಅಂಕಮೊತ್ತ 9, ಶೇಷ ಸೊನ್ನೆ. ಫಲದ ಅಂಕಮೊತ್ತ 36, ಶೇಷ ಸೊನ್ನೆ. ತಾಳೆಯು ಸರಿಯಾಯಿತು. ಆದರೆ ಗುಣಕದ ಶೇಷವು ಸೊನ್ನೆಯಾದಾಗ ಗುಣ್ಯದ ಶೇಷವು ಏನಾಗಿದ್ದರೂ ಫಲದ ಶೇಷವು ಸೊನ್ನೆಯೇ. ಕನ್ನಡದ ೯ ಎಂಬ ಅಂಕವನ್ನು ೬ ಎಂದು ಓದಿ ಗುಣ್ಯವನ್ನು 27964681 ಎಂದು ಬರೆದುಕೊಂಡರೂ ನವಶೇಷ ಪರೀಕ್ಷೆಯು ಏನನ್ನೂ ಹೇಳದು. ಏಳರಿಂದಲೂ ಪ್ರಯೋಜನವಿಲ್ಲ, 441ರಲ್ಲಿ ಏಳರ ವರ್ಗವೇ ಅಡಗಿದೆ. ಹನ್ನೊಂದು ಮಾತ್ರ ಇದನ್ನು ಹಿಡಿಯುತ್ತದೆ: ಫಲದ ಶೇಷವು ಸೊನ್ನೆ, ತಪ್ಪು ಗುಣ್ಯದಿಂದ ಬರುವ ಶೇಷವು 8. ಈ ಉದಾಹರಣೆಯಲ್ಲಿ ಫಲಕ್ಕೆ ಅದರ ಸಮರೂಪವೇ ಕಾವಲು. ಒಂದು ಅಂಕವು ಕೆಟ್ಟರೂ ಹಾರವು ಮುರಿದದ್ದು ಕಣ್ಣಿಗೆ ಕಾಣುತ್ತದೆ. ಗುಣ್ಯಕ್ಕೆ ಅಂತಹ ಕಾವಲಿಲ್ಲ. ಪರೀಕ್ಷೆಯ ಭಾಜಕವು ಗುಣ್ಯ ಗುಣಕಗಳೊಂದಿಗೆ ಸಮಾನ ಅಪವರ್ತನವನ್ನು ಹೊಂದಿರಬಾರದೆಂಬ ನಿಯಮವು ಇದರಿಂದ ಸಿದ್ಧಿಸುತ್ತದೆ. ದ್ವಿರೂಪವರ್ಗಧಾರೆಯಲ್ಲಿ ಎರಡರ ಹೊರತು ಬೇರೆ ಅಪವರ್ತನವೇ ಇಲ್ಲವಾದ್ದರಿಂದ ಒಂಬತ್ತು, ಹನ್ನೊಂದು, ಏಳು ಮೂರೂ ಅಲ್ಲಿ ನಿರ್ಬಾಧಕವಾಗಿ ನಡೆಯುತ್ತವೆ.

ಭಾಗಾಹಾರದ ಮೂಲಕವೂ ಮನುಷ್ಯಸಂಖ್ಯೆಯನ್ನು ಶೋಧಿಸಬಹುದು. ಗಾಹೆಯ ಸಂಖ್ಯೆಯನ್ನು ಏಕಟ್ಠಿಯಿಂದ ಭಾಗಿಸಿದರೆ ಬಾದಾಲವು ನಿಶ್ಶೇಷವಾಗಿ ಬರಬೇಕು. ಲಬ್ಧದಲ್ಲಿ ಹತ್ತು ಅಂಕಗಳಿರುವುದರಿಂದ ಹತ್ತು ಹೆಜ್ಜೆಗಳು ಬೇಕು. ಪ್ರತಿಯೊಂದು ಹೆಜ್ಜೆಯಲ್ಲಿಯೂ ನವಶೇಷದ ತಾಳೆಯನ್ನು ನೋಡುತ್ತ ಹೋದರೆ ಶ್ರಮವು ವ್ಯರ್ಥವಾಗುವುದಿಲ್ಲ. ಮೊದಲ ಹೆಜ್ಜೆಯನ್ನು ಮಾತ್ರ ಇಲ್ಲಿ ತೋರಿಸಬಹುದು. ಭಾಜ್ಯದ ಆದಿಯ ಇಪ್ಪತ್ತು ಅಂಕಗಳು 79228162514264337593. ಇದರಲ್ಲಿ ಏಕಟ್ಠಿಯು ನಾಲ್ಕು ಸಲ ಹೋಗುತ್ತದೆ, ಕಳೆಯಬೇಕಾದುದು 73786976294838206464, ಉಳಿಯುವುದು 5441186219426131129. ಉಳಿಕೆಯ ಅಂಕಮೊತ್ತ 70, ಶೇಷ 7. ಏಕಟ್ಠಿಯ ಶೇಷ 7ನ್ನು ಲಬ್ಧಾಂಕ 4ರಿಂದ ಗುಣಿಸಿದರೆ 28, ಶೇಷ 1. ಅದಕ್ಕೆ ಉಳಿಕೆಯ 7 ಸೇರಿ 8. ಭಾಜ್ಯಭಾಗದ ಅಂಕಮೊತ್ತ 89, ಶೇಷ 17 ಆಗಿ 8. ತಾಳೆ ಸರಿ. ಮುಂದಿನ ಅಂಕವನ್ನು ಇಳಿಸಿಕೊಂಡು ಎರಡನೆಯ ಹೆಜ್ಜೆಗೆ ಹೋಗಬಹುದು. ಎಲ್ಲಿಯಾದರೂ ತಾಳೆ ತಪ್ಪಿದರೆ ಆ ಹೆಜ್ಜೆಯನ್ನು ಮಾತ್ರ ಮತ್ತೆ ಮಾಡಿದರೆ ಸಾಕು. ತಾಳೆಗಳೆಲ್ಲ ಸರಿಯಿದ್ದೂ ಕೊನೆಯಲ್ಲಿ ಶೇಷ ಉಳಿದರೆ, ಅಥವಾ ಲಬ್ಧವು ಬಾದಾಲವಾಗದಿದ್ದರೆ, ದೋಷವು ಪ್ರಾಯಶಃ ಲೆಕ್ಕದಲ್ಲಿಲ್ಲ, ಓದಿದ ಗಾಹೆಯಲ್ಲಿದೆ ಎಂದು ತಿಳಿಯಬೇಕು.

ಇಷ್ಟೆಲ್ಲ ಹೊರಗಿನಿಂದ ತಂದ ಸಾಧನಗಳು. ಪರಂಪರೆಯೇ ಈ ಸಂಖ್ಯೆಗೆ ಎರಡು ಕಾವಲುಗಳನ್ನು ಇಟ್ಟಿದೆಯೆಂಬುದನ್ನು ಮರೆಯಲಾಗದು. ಒಂದು, ಸ್ಥಾನಗಳ ಎಣಿಕೆ. ಈ ಸಂಖ್ಯೆಗೆ ಇಪ್ಪತ್ತೊಂಬತ್ತು ಸ್ಥಾನಗಳೆಂದು ಗ್ರಂಥಗಳು ಪ್ರತ್ಯೇಕವಾಗಿ ಹೇಳುತ್ತವೆ. ನವಶೇಷಕ್ಕೆ ಕಾಣದ ಸೊನ್ನೆಯ ಲೋಪವು ಈ ಎಣಿಕೆಗೆ ಒಡನೆ ಸಿಕ್ಕಿಬೀಳುತ್ತದೆ. ಎರಡು, ಅರ್ಧಚ್ಛೇದ. ಅನುಯೋಗದ್ವಾರಸೂತ್ರವು ಈ ರಾಶಿಯನ್ನು ತೊಂಬತ್ತಾರು ಸಲ ಅರ್ಧಿಸಬಹುದಾದುದೆಂದು ವರ್ಣಿಸುತ್ತದೆ. ಬಾದಾಲದ ಅರ್ಧಚ್ಛೇದಗಳು 32, ಏಕಟ್ಠಿಯವು 64. ಗುಣಿಸಿದ ರಾಶಿಗಳ ಅರ್ಧಚ್ಛೇದಗಳು ಕೂಡುತ್ತವೆಂಬ ನಿಯಮದಂತೆ ಫಲದವು 96. ಶುದ್ಧವಾದ ಸಂಖ್ಯೆಯನ್ನು ತೊಂಬತ್ತಾರು ಸಲ ಅರ್ಧ ಮಾಡಿದರೆ ಒಂದು ಉಳಿಯುತ್ತದೆ. ನಡುವೆ ಎಲ್ಲಿಯೂ ವಿಷಮಸಂಖ್ಯೆ ಬರಕೂಡದು. ಇಪ್ಪತ್ತೊಂಬತ್ತು ಅಂಕಗಳಲ್ಲಿ ಯಾವುದೊಂದು ಕೆಟ್ಟಿದ್ದರೂ, ಎಷ್ಟು ಪಲ್ಲಟವಾಗಿದ್ದರೂ, ಈ ಕ್ರಿಯೆಯು ನಿಶ್ಚಯವಾಗಿ ಮುರಿಯುತ್ತದೆ. ನವಶೇಷ ಪರೀಕ್ಷೆಯು ಸಂದೇಹವನ್ನು ಹುಟ್ಟಿಸಬಲ್ಲುದು. ಸಂದೇಹವನ್ನು ಪೂರ್ತಿಯಾಗಿ ಪರಿಹರಿಸುವುದು ಅರ್ಧಚ್ಛೇದವೇ. ಒಂದಕ್ಕೆ ಕ್ಷಣಕಾಲ ಸಾಕು, ಇನ್ನೊಂದಕ್ಕೆ ಒಂದು ಹೊತ್ತು ಬೇಕು. ಆದ್ದರಿಂದ ಮೊದಲು ಒಂಬತ್ತು, ಬಳಿಕ ಹನ್ನೊಂದು ಮತ್ತು ಏಳು, ಕೊನೆಗೆ ಅರ್ಧಚ್ಛೇದ ಎಂಬ ಕ್ರಮವು ಯುಕ್ತವಾದುದು.

ಲೆಕ್ಕದ ಶುದ್ಧಿಯನ್ನು ಸಿದ್ಧಾಂತದ ನಿರ್ಣಯವೆಂದು ಭಾವಿಸಬಾರದೆಂಬುದಕ್ಕೂ ಈ ಸಂಖ್ಯೆಯೇ ಸಾಕ್ಷಿ. ಷಟ್ಖಂಡಾಗಮದ ಸೂತ್ರವು ಮನುಷ್ಯರ ಪ್ರಮಾಣವನ್ನು ಕೋಟಿಯ ಮೂರನೆಯ ಘಾತಕ್ಕಿಂತ ಮೇಲೆ, ನಾಲ್ಕನೆಯ ಘಾತಕ್ಕಿಂತ ಕೆಳಗೆ ಎಂದು ಹೇಳಿ, ಆರನೆಯ ವರ್ಗಕ್ಕಿಂತ ಮೇಲೆ, ಏಳನೆಯ ವರ್ಗಕ್ಕಿಂತ ಕೆಳಗೆ ಎಂದೂ ಹೇಳುತ್ತದೆ. ಕೋಟಿಯ ನಾಲ್ಕನೆಯ ಘಾತವೆಂದರೆ ಒಂದರ ಮುಂದೆ ಇಪ್ಪತ್ತೆಂಟು ಸೊನ್ನೆಗಳು. ಅದಕ್ಕೂ ಸ್ಥಾನಗಳು ಇಪ್ಪತ್ತೊಂಬತ್ತೇ. ಆದರೆ 79ರಿಂದ ಆರಂಭವಾಗುವ ನಮ್ಮ ಸಂಖ್ಯೆಯು ಅದಕ್ಕಿಂತ ಸುಮಾರು ಎಂಟುಪಟ್ಟು ದೊಡ್ಡದು. 816ರಲ್ಲಿ ಧವಳಾಟೀಕೆಯನ್ನು ಮುಗಿಸಿದ ವೀರಸೇನಾಚಾರ್ಯರು ಈ ವಿರೋಧವನ್ನು ಗುರುತಿಸಿದ್ದಾರೆ. ಮನುಷ್ಯಕ್ಷೇತ್ರದ ವಿಸ್ತಾರವನ್ನು ಗಣಿಸಿ, ಅಷ್ಟು ಮಂದಿ ಅಲ್ಲಿ ಹಿಡಿಸಲಾರರೆಂದು ತೋರಿಸಿ, ಆ ಮತವನ್ನು ಅವರು ಒಪ್ಪಿಲ್ಲ. ಅವರ ಆಕ್ಷೇಪವು ಗುಣಾಕಾರದ ಮೇಲಲ್ಲ. ಗುಣಾಕಾರವು ಸರಿಯೆಂದು ಹಿಡಿದೇ ಅವರು ವಿಚಾರಮಾಡಿದ್ದಾರೆ. ಅವರ ನಂತರ ಒಂದೂವರೆ ಶತಮಾನಕ್ಕೂ ಮಿಕ್ಕು ಕಾಲ ಕಳೆದ ಮೇಲೆ ನೇಮಿಚಂದ್ರರು ಪರ್ಯಾಪ್ತ ಮನುಷ್ಯರ ಸಂಖ್ಯೆಯಾಗಿ ಇದನ್ನೇ ಗಾಹೆಯಲ್ಲಿ ನಿಲ್ಲಿಸಿದ್ದಾರೆ. ಈ ಎರಡು ಪರಂಪರೆಗಳ ತಾರತಮ್ಯವು ಆಗಮವಿಚಾರಕ್ಕೆ ಸೇರಿದುದು, ಅಂಕಮೊತ್ತದಿಂದ ತೀರುವಂತಹದಲ್ಲ.

ಗೊಮ್ಮಟಸಾರಕ್ಕೆ 1359ರಲ್ಲಿ ಕೇಶವವರ್ಣಿಗಳು ರಚಿಸಿದ ಕರ್ಣಾಟವೃತ್ತಿಯು 1978ರಿಂದ ಭಾರತೀಯ ಜ್ಞಾನಪೀಠದ ಪ್ರಕಟಣೆಯಾಗಿ ಹೊರಬಂದುದರಿಂದ ಕನ್ನಡದ ಪಾಠಪರಂಪರೆಯು ವಿದ್ವಾಂಸರ ಕೈಗೆ ದೊರೆತಿದೆ. ಆ ಮುದ್ರಣವು ನಾಗರಿ ಲಿಪಿಯಲ್ಲಿದೆ. ಕನ್ನಡ ಓಲೆಯ ಅಕ್ಷರಗಳನ್ನು ನಾಗರಿಗೆ ಇಳಿಸುವಾಗ ನಕಾರ ಣಕಾರ, ಸಕಾರ ಶಕಾರಗಳನ್ನು ಯಥಾಪ್ರತಿ ಉಳಿಸುವ ಹೊಣೆಯು ಸಂಖ್ಯಾಗಾಹೆಗಳಲ್ಲಿ ಇಮ್ಮಡಿಯಾಗುತ್ತದೆ. ಮುಂದೆ ಯಾವ ಭಂಡಾರದ ಪ್ರತಿಯನ್ನು ತೆರೆದರೂ, ಇಂತಹ ಗಾಹೆ ಬಂದಲ್ಲಿ, ಕಾಗುಣಿತವನ್ನು ರೂಢಿಗೆ ಹೊಂದಿಸುವ ಮೊದಲು ಅಕ್ಷರಗಳನ್ನು ಇದ್ದಂತೆಯೇ ಬರೆದುಕೊಂಡು, ಸ್ಥಾನಗಳನ್ನು ಎಣಿಸಿ, ಅಂಕಗಳಾಗಿಸಿ, ಮೂರು ಭಾಜಕಗಳಿಂದ ತಾಳೆ ನೋಡಿ, ಆ ಶೇಷಗಳನ್ನೂ ಪಾಠಾಂತರಗಳ ಜೊತೆಯಲ್ಲಿ ದಾಖಲಿಸಬೇಕು. ಶೇಷವು ಹೊಂದದ ಪಾಠವನ್ನು ಮೂಲಕ್ಕೆ ಸೇರಿಸಬಾರದು, ಅಡಿಯಲ್ಲಿ ತೋರಿಸದೆ ಬಿಡಲೂಬಾರದು. ಲಿಪಿಕಾರನು ಪ್ರಾಕೃತವನ್ನು ಹೇಗೆ ಉಚ್ಚರಿಸುತ್ತಿದ್ದನೆಂಬುದಕ್ಕೆ ಆ ತಪ್ಪೇ ಒಂದು ಪ್ರಮಾಣ.